ಅಕ್ಕಿ ಮಂಡಕ್ಕಿ ಆಗೋದು ಹೇಗೆ?

(ದೃಶ್ಯ: ಮಂಡಕ್ಕಿ ಭಟ್ಟಿಯ ಕಾದ ಮರಳು, ತೀರಾ ಹತ್ತಿರದಿಂದ. ಒಂದು ಹಿಡಿ ಅಕ್ಕಿ ಬೀಳುತ್ತೆ. ಚಟಪಟ ಸದ್ದು.)

ಶಿಕ್ಷಕಿ: ಈ ಅಕ್ಕಿಕಾಳಿನೊಳಗೆ ನೀರಿದೆ. ಅದೇ ನೀರು ಈಗ ಕಾಳನ್ನ ಸಿಡಿಸುತ್ತೆ, ನೋಡಿ!

(ಅಂಗೈಯಲ್ಲಿ ಅಕ್ಕಿ, ಪಕ್ಕದಲ್ಲೇ ಮಂಡಕ್ಕಿ.)

ನಮ್ಮ ದಾವಣಗೆರೆ ಭಟ್ಟಿಗಳಲ್ಲಿ ದಿನಾ ನಡೆಯೋ ವಿಜ್ಞಾನ ಇದು. ಮುಟ್ಟಿದ್ರೆ ಅಕ್ಕಿ ಒಣಗಿದೆ ಅನ್ಸುತ್ತೆ, ಆದ್ರೆ ಒಳಗೆ ಸ್ವಲ್ಪ ತೇವ ಇರುತ್ತೆ. ಕಾದ ಮರಳು ತಾಗಿದ ಕೂಡಲೇ ಆ ತೇವ ಆವಿ ಆಗುತ್ತೆ. ಆವಿಗೆ ಎಷ್ಟು ಜಾಗ ಬೇಕು ಗೊತ್ತಾ? ನೀರಿಗಿಂತ ಸುಮಾರು 1,600 ಪಟ್ಟು! ಒಂದು ಟೀ ಚಮಚ ನೀರು ಕುದಿದು ಆವಿಯಾದ್ರೆ ಹತ್ರಹತ್ರ 8 ಲೀಟರ್.

ಕಾಳಿನೊಳಗೆ ಅಷ್ಟು ಜಾಗ ಎಲ್ಲಿದೆ ಮಕ್ಕಳೇ? ಒತ್ತಡ ಏರುತ್ತೆ. ಅಷ್ಟರಲ್ಲಿ ಬಿಸಿಗೆ ಪಿಷ್ಟ ಮೆತ್ತಗಾಗಿರುತ್ತೆ. ಆವಿ ಅದನ್ನ ಬಲೂನಿನ ಹಾಗೆ ಉಬ್ಬಿಸಿ ಹೊರಗೆ ಹೋಗುತ್ತೆ. ತಣ್ಣಗಾದ ಪಿಷ್ಟ ಹಾಗೇ ಗಟ್ಟಿಯಾಗುತ್ತೆ.

(ಒಂದು ಮಂಡಕ್ಕಿ ಮುರಿದು ಕ್ಯಾಮೆರಾಗೆ ಹಿಡಿದು.)

ಈ ಸಣ್ಣ ಸಣ್ಣ ತೂತು ಕಾಣ್ತಿವೆಯಾ? ಆವಿ ಇದ್ದ ಜಾಗ ಅದು. ಎಷ್ಟು ಚೆಂದ ಅಲ್ವಾ!

ಅಂದ ಹಾಗೆ, ಇದಕ್ಕೆ ಭತ್ತ ಬೇಯಿಸಿ ಮಾಡಿದ ಅಕ್ಕಿನೇ ಬೇಕು. ಅದನ್ನ ಅತಿಯಾಗಿ ಒಣಗಿಸಿಬಿಟ್ರೋ, ಆವಿ ಸಾಲಲ್ಲ. ಅಕ್ಕಿ ಉಬ್ಬಲ್ಲ, ಬರೀ ಹುರಿಯುತ್ತೆ.