ನಡುವಿನ ಪದ ಎಲ್ಲಿ ಹೋಯ್ತು? (ನಿತ್ಯಸಮೀಕರಣಗಳ ಅಭ್ಯಾಸ ಹಾಳೆ)

8ನೇ ತರಗತಿ, ಗಣಿತ. ಸಮಯ ಒಂದು ಪೀರಿಯಡ್. ಕ್ಯಾಲ್ಕುಲೇಟರ್ ಬೇಡ. ಉತ್ತರಗಳು ಹಾಳೆಯ ಹಿಂಬದಿಯಲ್ಲಿವೆ. ಬರೆದು ಮುಗಿಸುವವರೆಗೆ ತಿರುಗಿಸಬೇಡಿ.

ಹೋದ ವಾರದ ಕಿರುಪರೀಕ್ಷೆಯಲ್ಲಿ (x + 5)² ವಿಸ್ತರಿಸಿ ಎಂದು ಕೇಳಿದ್ದೆ. ಅರ್ಧಕ್ಕರ್ಧ ಮಂದಿ x² + 25 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಿರಿ. ಸೂತ್ರ ಬರುವುದಿಲ್ಲ ಅಂತಲ್ಲ. ಎದ್ದು ನಿಲ್ಲಿಸಿ ಕೇಳಿದರೆ ಒಂದೇ ಉಸಿರಿಗೆ ಹೇಳುತ್ತೀರಿ. ಬರೆಯುವಾಗ ಮಾತ್ರ 2ab ಮಾಯ!

ಅನುಮಾನ ಬಂದಾಗ ಒಂದು ಸಂಖ್ಯೆ ಹಾಕಿ ನೋಡಿ. x = 1 ಆದರೆ (1 + 5)² ಅಂದರೆ 36. ಆದರೆ 1 + 25 ಅಂದರೆ 26. ಹತ್ತು ಕಡಿಮೆ ಬಂತು. x = 2 ಹಾಕಿದರೆ 49 ಮತ್ತು 29, ಇಪ್ಪತ್ತು ಕಡಿಮೆ. ಕಾಣೆಯಾದದ್ದು 10x ಅಂತ ಈಗ ನಿಮಗೇ ಗೊತ್ತಾಯ್ತು, ಅಲ್ವಾ? ಒಂದೇ ಎಚ್ಚರಿಕೆ, x = 0 ಹಾಕಿ ಪರೀಕ್ಷೆ ಮಾಡಬೇಡಿ. ಎರಡೂ ಕಡೆ 25 ಬಂದು ಕಳ್ಳ ತಪ್ಪಿಸಿಕೊಳ್ಳುತ್ತಾನೆ.

ಆ ಪದ ಎಲ್ಲಿಂದ ಬಂತು ಅಂತ ಕಣ್ಣಿಗೆ ಕಾಣಬೇಕಾದರೆ ಒಂದು ಸೈಟ್ ನೆನೆಸಿಕೊಳ್ಳಿ. 30 ಅಡಿಗೆ 30 ಅಡಿಯ ಸೈಟ್. ಪೂರ್ವಕ್ಕೆ 5 ಅಡಿ, ಉತ್ತರಕ್ಕೆ 5 ಅಡಿ ಜಾಸ್ತಿ ಸಿಕ್ಕಿತು. ಈಗದು 35 ಅಡಿಗೆ 35 ಅಡಿ, ಅಂದರೆ 1225 ಚದರಡಿ. ಹಳೇ ಸೈಟ್ 900. ಈಶಾನ್ಯದ ಪುಟ್ಟ ಮೂಲೆ 25. ಎರಡೂ ಸೇರಿಸಿದರೆ 925 ಅಷ್ಟೇ. ಉಳಿದ 300 ಚದರಡಿ? ಪೂರ್ವದ ಪಕ್ಕ 30 × 5ರ ಒಂದು ಪಟ್ಟಿ, ಉತ್ತರದ ಪಕ್ಕ ಅಷ್ಟೇ ದೊಡ್ಡ ಇನ್ನೊಂದು ಪಟ್ಟಿ. 2ab ಅಂದರೆ ಈ ಎರಡು ಪಟ್ಟಿಗಳು. ಬಿಟ್ಟು ಬರೆದರೆ 300 ಚದರಡಿ ಜಾಗ ಪುಕ್ಕಟೆ ಬಿಟ್ಟುಕೊಟ್ಟ ಹಾಗೆ.

ನೆನಪಿಗೆ ಮೂರು ಸಾಲು:

(a + b)² = a² + 2ab + b²
(a − b)² = a² − 2ab + b²
(a + b)(a − b) = a² − b²

ಮೂರನೆಯದರಲ್ಲಿ ನಡುವಿನ ಪದ ಯಾಕಿಲ್ಲ? ಗುಣಿಸಿದಾಗ ಅಲ್ಲೂ −ab ಮತ್ತು +ab ಬರುತ್ತವೆ. ಆದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಹಾಗಾಗಿ ನಡುವಿನ ಪದ ಇಲ್ಲದ ಉತ್ತರವೆಲ್ಲ ತಪ್ಪಲ್ಲ. ಕೆಳಗಿನ ಲೆಕ್ಕಗಳಲ್ಲಿ ಮೊದಲು ಎಡಬದಿಯನ್ನು ನೋಡಿ. ಎರಡು ಬ್ರಾಕೆಟ್‌ಗಳಲ್ಲೂ ಒಂದೇ ಚಿಹ್ನೆಯೋ, ಬೇರೆ ಬೇರೆಯೋ?

ಭಾಗ 1. ಉತ್ತರ ತಿದ್ದುವವರು ನೀವು

ಈ ಸಲ ಕೆಂಪು ಪೆನ್ನು ನಿಮ್ಮ ಕೈಯಲ್ಲಿ. ಸರಿ ಇದ್ದರೆ ಟಿಕ್ ಹಾಕಿ. ಪದ ಬಿಟ್ಟುಹೋಗಿದ್ದರೆ ಯಾವ ಪದ ಅಂತ ಚಿಹ್ನೆ ಸಮೇತ ಬರೆಯಿರಿ. ಬೇರೆ ತಪ್ಪುಗಳೂ ಒಂದೆರಡು ಅಡಗಿವೆ.

1. (x + 6)² = x² + 36
2. (y − 4)² = y² − 16
3. (m + 7)(m − 7) = m² − 49
4. (2a + 3)² = 4a² + 6a + 9
5. (3p − 5q)² = 9p² + 25q²
6. (5k − 2)(5k + 2) = 25k² − 20k − 4
7. (x + 1/2)² = x² + x + 1/4
8. (−x − 3)² = x² + 9
9. (4 − t)(4 + t) = t² − 16

ಭಾಗ 2. ಮಳೆಗೆ ಅಳಿಸಿಹೋದ ನೋಟ್ಸ್

ಬ್ಯಾಗಿನೊಳಗೆ ಮಳೆನೀರು ಇಳಿದು ಇಂಕು ಹರಡಿದೆ. 10ರಿಂದ 12ರವರೆಗೆ ಎಲ್ಲವೂ ಮೂರು ಪದದ ಪೂರ್ಣ ವರ್ಗಗಳು, ಅಷ್ಟು ಮಾತ್ರ ಗೊತ್ತು.

10. ಮೊದಲ ಪದ x², ಕೊನೆಯ ಪದ 81. ನಡುವಿನ ಪದ ಏನಿರಬಹುದು? ಒಂದೇ ಉತ್ತರ ಬರೆದು ನಿಲ್ಲಬೇಡಿ.
11. ಮೊದಲ ಪದ 49m², ಕೊನೆಯ ಪದ 4n². ನಡುವಿನ ಪದ?
12. ಈ ಸಲ 16a² + 24a ಕಾಣುತ್ತಿದೆ, ಕೊನೆಯ ಪದವೇ ಹೋಗಿದೆ. ಅದೇನು?
13. x² + 10x + 16 ಪೂರ್ಣ ವರ್ಗ ಅಂತ ಗೆಳೆಯ ವಾದ ಮಾಡುತ್ತಿದ್ದಾನೆ. "x² ವರ್ಗ, 16ಕ್ಕೂ ವರ್ಗಮೂಲ ಇದೆ, ಇನ್ನೇನು ಬೇಕು?" ಅನ್ನುತ್ತಾನೆ. ಅವನಿಗೆ ಎರಡು ಸಾಲಿನ ಉತ್ತರ ಬರೆಯಿರಿ.

ಭಾಗ 3. ಬಾಯಿಲೆಕ್ಕ

ಎರಡನೇ ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ವರ್ಗ ಮಾಡುವುದಕ್ಕೆ ಇದೇ ದಾರಿ ಇದೆ. ಸಂಖ್ಯೆಯನ್ನು ಎರಡು ಭಾಗ ಮಾಡಿ, ಭಾಗಗಳ ಗುಣಲಬ್ಧದ ಎರಡರಷ್ಟಕ್ಕೆ ಅವುಗಳ ವರ್ಗಗಳನ್ನು ಕೂಡಿಸುವುದು. ಅಲ್ಲಿ ಕೇಳಿದ ಎರಡು ಲೆಕ್ಕಗಳನ್ನೇ ನಿಮಗೂ ಕೊಡುತ್ತಿದ್ದೇನೆ. ಅವರು 297 ಅಂತ ನೇರವಾಗಿ ಹೇಳುವುದಿಲ್ಲ, ಮೂರು ಕಡಿಮೆ ಮುನ್ನೂರು ಅನ್ನುತ್ತಾರೆ. ದಾರಿಯನ್ನು ಪ್ರಶ್ನೆಯಲ್ಲೇ ಬಚ್ಚಿಟ್ಟಿದ್ದಾರೆ ನೋಡಿ.

14. ಮೂರು ಕಡಿಮೆ ಮುನ್ನೂರರ ವರ್ಗ ಎಷ್ಟು?
15. ಹತ್ತು ಸಾವಿರಕ್ಕೆ ಐದು ಹೆಚ್ಚು, ಅದರ ವರ್ಗ?
16. 52 × 48
17. 75² − 25². ಎರಡು ವರ್ಗ ಮಾಡಿ ಕಳೆಯಲು ಹೋಗಬೇಡಿ.
18. ಒಬ್ಬರು 103² = 10009 ಎಂದು ಬರೆದಿದ್ದಾರೆ. ಎಷ್ಟು ಕಡಿಮೆ ಬಂತು? ಆ ಕೊರತೆ ಯಾವ ಗುಣಾಕಾರದಿಂದ ಬರಬೇಕಿತ್ತು?

ಭಾಗ 4. ಸ್ವಲ್ಪ ತಲೆ ಕೆರೆದುಕೊಳ್ಳಿ

19. x + y = 10, xy = 21. x ಮತ್ತು y ಕಂಡುಹಿಡಿಯದೆ x² + y² ಎಷ್ಟು ಅಂತ ಹೇಳಿ. ಆಮೇಲೆ (x − y)² ಎಷ್ಟು?
20. (a + b)² = a² + b² ಯಾವಾಗಲೂ ತಪ್ಪೇ? ಸರಿಯಾಗುವ ಸಂದರ್ಭ ಇದ್ದರೆ ಅದು ಯಾವುದು?

ಉತ್ತರಗಳು

1. +12x ಬಿಟ್ಟಿದೆ.
2. ಎರಡು ತಪ್ಪು. −8y ಬಿಟ್ಟಿದೆ. ಜೊತೆಗೆ ಕೊನೆಯ ಪದ +16 ಆಗಬೇಕು, ಏಕೆಂದರೆ −4 ಅನ್ನು −4ರಿಂದಲೇ ಗುಣಿಸುತ್ತಿದ್ದೇವೆ. ಸರಿ ಉತ್ತರ y² − 8y + 16. ಎಡಬದಿಯಲ್ಲಿ ಒಂದೇ ಬ್ರಾಕೆಟ್‌ನ ವರ್ಗ ಇದ್ದರೂ ವರ್ಗಗಳ ವ್ಯತ್ಯಾಸದ ಸೂತ್ರ ಹಾಕಿದ್ದಾರೆ.
3. ಸರಿ. ಇದಕ್ಕೂ ಇಂಟು ಹಾಕಿದ್ದರೆ ನೀವು ಎಡಬದಿ ನೋಡಲಿಲ್ಲ.
4. ಇದು ಜಾಣ ತಪ್ಪು. ನಡುವಿನ ಪದ ಇದೆ, ಆದರೆ ಒಂದೇ ಪಟ್ಟಿ ಲೆಕ್ಕಕ್ಕೆ ಬಂದಿದೆ. 2 × 2a × 3 = 12a. ಪ್ರಶ್ನೆಯಲ್ಲೇ ಒಂದು 2 ಇರುವುದರಿಂದ ಸೂತ್ರದ 2 ಹಾಕಿಬಿಟ್ಟೆ ಅಂತ ಅನ್ನಿಸುತ್ತದೆ.
5. −30pq ಬಿಟ್ಟಿದೆ.
6. ಇಲ್ಲಿ ಉಲ್ಟಾ, ಬೇಡದ ಪದ ಸೇರಿದೆ. 25k² − 4 ಸಾಕು.
7. ಸರಿ. 2 × x × 1/2 = x. ನಡುವೆ ಬರೀ x ಕಂಡು ಗಾಬರಿ ಆಗಬೇಡಿ.
8. +6x ಬಿಟ್ಟಿದೆ. −6x ಬರೆದವರು −x ಮತ್ತು −3 ಅನ್ನು ಒಮ್ಮೆ ಗುಣಿಸಿ ನೋಡಿ.
9. ನಡುವಿನ ಪದ ಇಲ್ಲದಿರುವುದು ಸರಿ, ಪದಗಳ ಚಿಹ್ನೆ ಅದಲುಬದಲಾಗಿದೆ. 16 − t².
10. +18x ಅಥವಾ −18x.
11. +28mn ಅಥವಾ −28mn.
12. 9. 24a ಅಂದರೆ 2 × 4a × 3, ಆದ್ದರಿಂದ ಕೊನೆಯಲ್ಲಿ 3².
13. ಎರಡು ತುದಿ ವರ್ಗವಾದರೆ ಸಾಲದು, ನಡುವೆ 2 × x × 4 = 8x ಬರಬೇಕಿತ್ತು. 10x ಹಾಗೇ ಇರಬೇಕಾದರೆ ಕೊನೆಯ ಪದ 25 ಆಗಬೇಕು.
14. 90000 − 1800 + 9 = 88209.
15. 100000000 + 100000 + 25 = 100100025.
16. (50 + 2)(50 − 2) = 2500 − 4 = 2496.
17. 100 × 50 = 5000.
18. 600 ಕಡಿಮೆ. 2 × 100 × 3. ಸರಿ ಉತ್ತರ 10609.
19. 100 − 42 = 58. ನಂತರ 58 − 42 = 16. 100 ಎಂದು ಬರೆದವರು ಮತ್ತೆ ಪಟ್ಟಿಗಳನ್ನು ಮರೆತಿದ್ದೀರಿ.
20. a ಅಥವಾ b ಸೊನ್ನೆ ಆದಾಗ ಮಾತ್ರ ಸರಿ. ಆಗ 2ab ಕೂಡ ಸೊನ್ನೆ. ಆರಂಭದಲ್ಲಿ x = 0 ಹಾಕಬೇಡಿ ಅಂದಿದ್ದು ಇದಕ್ಕೇ.

1, 4 ಮತ್ತು 8ರಲ್ಲಿ ಯಾವುದು ತಪ್ಪಿದ್ದರೂ ಆ ಲೆಕ್ಕದ ಚೌಕವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಎರಡು ಪಟ್ಟಿಗೆ ಪೆನ್ಸಿಲ್‌ನಲ್ಲಿ ಗೆರೆ ತುಂಬಿಸಿ ನಾಳೆ ತನ್ನಿ. 8ಕ್ಕೆ x + 3ರ ಚೌಕ ಬರೆದರೆ ಆಯ್ತು, ಯಾಕೆ ಅಂತ ಪಕ್ಕದಲ್ಲಿ ಒಂದು ಸಾಲು ಇರಲಿ.