ಸಮಾಂತರ ಶ್ರೇಢಿ: ಸಭಾಂಗಣದ ಸೀಟು, ದೀಪಾವಳಿಯ ಹಣತೆ

ಹತ್ತನೇ ತರಗತಿಯವರಿಗೆ ಈ ಭಾನುವಾರದ ಕ್ಲಾಸಿಗೆ ಮೂರು ಲೆಕ್ಕ. ಸೂತ್ರ ಎಲ್ಲರಿಗೂ ಬಾಯಿಪಾಠ ಇದೆ. ಆದರೆ ಪ್ರಶ್ನೆಯಲ್ಲಿ n ಯಾವುದು ಅಂತ ಹುಡುಕುವಾಗಲೇ ಎಡವುವುದು ಜಾಸ್ತಿ.

S = n/2 [2a + (n − 1)d]
ಕೊನೆಯ ಪದ l ಗೊತ್ತಿದ್ದರೆ S = n/2 (a + l)

ಎರಡನೆಯದು ಹೊಸತೇನಲ್ಲ. ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲೇ ಇದೆ.

ಲೆಕ್ಕ 1. ಮಾಟುಂಗದ ಒಂದು ಸಭಾಂಗಣದಲ್ಲಿ ಯಕ್ಷಗಾನ. ಮುಂದಿನ ಸಾಲಿನಲ್ಲಿ 18 ಸೀಟು, ಹಿಂದಕ್ಕೆ ಹೋದಂತೆ ಪ್ರತಿ ಸಾಲಿಗೂ 2 ಜಾಸ್ತಿ. ಒಟ್ಟು 22 ಸಾಲು. ಮೊದಲ 3 ಸಾಲು ಅತಿಥಿಗಳಿಗೆ. ಟಿಕೆಟ್ ಮಾರಲು ಎಷ್ಟು ಸೀಟು ಉಳಿಯುತ್ತವೆ?

a = 18, d = 2, n = 22
S = 22/2 [36 + 21 × 2] = 11 × 78 = 858
ಅತಿಥಿಗಳಿಗೆ 18 + 20 + 22 = 60
ಉಳಿದದ್ದು 858 − 60 = 798

ನೇರವಾಗಿ 4ನೇ ಸಾಲಿನಿಂದಲೂ ಶುರು ಮಾಡಬಹುದು. ಆಗ a = 24. ಆದರೆ 22 − 4 = 18 ಸಾಲು ಅಂತ ಬರೆದರೆ ಕೆಟ್ಟಿತು! 4ನೇ ಸಾಲೂ ಲೆಕ್ಕಕ್ಕೆ ಸೇರುತ್ತದೆ ಅಲ್ವಾ? ಹಾಗಾಗಿ n = 19.
S = 19/2 [48 + 18 × 2] = 19 × 42 = 798. ಉತ್ತರ ಅದೇ.

ಲೆಕ್ಕ 2. ಡೊಂಬಿವಿಲಿಯ ಸೊಸೈಟಿಯೊಂದರ ಅಂಗಳದಲ್ಲಿ ದೀಪಾವಳಿಗೆ ಹಣತೆಗಳನ್ನು ಗೋಪುರದ ಹಾಗೆ ಜೋಡಿಸುತ್ತಿದ್ದಾರೆ. ಕೆಳಗಿನ ಸಾಲಿನಲ್ಲಿ 30. ಮೇಲಿನ ಪ್ರತಿ ಸಾಲಿನಲ್ಲೂ ಆಚೆ ಒಂದು, ಈಚೆ ಒಂದು ಕಡಿಮೆ. ಇರುವುದು 240 ಹಣತೆ. ಎಷ್ಟು ಸಾಲು ಆಗುತ್ತದೆ?

ಸಾಲು ಕಿರಿದಾಗುತ್ತಿದೆ, ಆದ್ದರಿಂದ d = −2.
n/2 [60 − 2(n − 1)] = 240
n(31 − n) = 240
n² − 31n + 240 = 0
(n − 15)(n − 16) = 0

ಎರಡು ಉತ್ತರ ಬಂತು, ಎರಡೂ ಧನ ಸಂಖ್ಯೆ. ಋಣ ಬಂದಿದ್ದರೆ ಕಣ್ಣು ಮುಚ್ಚಿ ಬಿಡುತ್ತಿದ್ದೆವು. ಈಗ ಸುಮ್ನೆ ಒಂದನ್ನು ಹೊಡೆದು ಹಾಕುವ ಹಾಗಿಲ್ಲ. ಕೊನೆಯ ಸಾಲು ನೋಡೋಣ:
15ನೇ ಸಾಲು: 30 − 14 × 2 = 2
16ನೇ ಸಾಲು: 30 − 15 × 2 = 0

16ನೇ ಸಾಲಿನಲ್ಲಿ ಹಣತೆಯೇ ಇಲ್ಲ. ಸೊನ್ನೆ ಕೂಡಿದರೆ ಮೊತ್ತ ಬದಲಾಗುವುದಿಲ್ಲ, ಅದಕ್ಕೇ ಸಮೀಕರಣ 16ನ್ನೂ ಒಪ್ಪಿಕೊಂಡಿತು. ಇಲ್ಲದ ಸಾಲನ್ನು ಎಣಿಸುವುದು ಬೇಡ. ಉತ್ತರ 15. ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ನಾನಾದರೆ ಅದಕ್ಕೂ ಅಂಕ ಕೊಡುತ್ತೇನೆ.

ಲೆಕ್ಕ 3 (ಮನೆಗೆ). ಪುಣೆಯ ಒಂದು ಬಯಲು ರಂಗಮಂದಿರ. ಮೊದಲ ಸಾಲಿನಲ್ಲಿ 15 ಸೀಟು, ಕೊನೆಯದರಲ್ಲಿ 51, ಒಟ್ಟು 627. ಸಾಲುಗಳೆಷ್ಟು? ಸಾಲಿನಿಂದ ಸಾಲಿಗೆ ಹೆಚ್ಚುವ ಸೀಟು ಎಷ್ಟು?

ಸುಳಿವು: d ಗೊತ್ತಿಲ್ಲ, ಆದ್ದರಿಂದ ಮೊದಲ ಸೂತ್ರಕ್ಕೆ ಕೈ ಹಾಕಬೇಡಿ. ಎರಡನೆಯದರಿಂದ n ತೆಗೆಯಿರಿ, ಆಮೇಲೆ l = a + (n − 1)d.
ತಾಳೆ ನೋಡಲು: n = 19, d = 2.