ಕೊಟೇಶನ್ ಒಪ್ಪಿಗೆ ಮತ್ತು ಖರೀದಿ ಆದೇಶ: ಗ್ರಂಥಾಲಯದ ಸ್ಟೀಲ್ ರ‍್ಯಾಕು, ಮೇಜು, ಟ್ರಾಲಿ

ಆದೇಶ ಸಂಖ್ಯೆ: ಖರೀದಿ/47/2025
ದಿನಾಂಕ: 12-06-2025

ಇವರಿಂದ: ಕಾರ್ಯದರ್ಶಿ, ಗ್ರಂಥಾಲಯ ಖರೀದಿ ಸಮಿತಿ
ಇವರಿಗೆ: ಮಾಲೀಕರು, ಸ್ಟೀಲ್ ಪೀಠೋಪಕರಣ ತಯಾರಿಕಾ ಘಟಕ

ವಿಷಯ: 02-06-2025ರ ನಿಮ್ಮ ಕೊಟೇಶನ್ ಸಂಖ್ಯೆ 118ಕ್ಕೆ ಒಪ್ಪಿಗೆ ಮತ್ತು ಖರೀದಿ ಆದೇಶ
ಉಲ್ಲೇಖ: 09-06-2025ರ ಫೋನ್ ಮಾತುಕತೆ, 10-06-2025ರ ನಿಮ್ಮ ಇಮೇಲ್

ಮಾನ್ಯರೇ,

ನಿಮ್ಮ ಕೊಟೇಶನ್ನನ್ನು ಸಮಿತಿ ಒಪ್ಪಿಕೊಂಡಿದೆ. ಮೂರು ಕಡೆಯಿಂದ ದರ ಬಂದಿತ್ತು. ನಿಮ್ಮದು ಎಲ್ಲಕ್ಕಿಂತ ಕಡಿಮೆಯದಲ್ಲ. ಆದರೆ ತಗಡು ಎಷ್ಟು ದಪ್ಪ, ಶೆಲ್ಫ್ ಎಷ್ಟು ತೂಕ ಹೊರುತ್ತದೆ ಎಂದು ಅಂಕಿ ಹಾಕಿ ಬರೆದವರು ನೀವೊಬ್ಬರೇ. ಉಳಿದವರು ‘ಉತ್ತಮ ಗುಣಮಟ್ಟ’ ಎಂದು ಬರೆದು ಸುಮ್ಮನಾಗಿದ್ದರು.

ಕೊಟೇಶನ್‌ನಲ್ಲಿ ಇದ್ದದ್ದಕ್ಕೂ ಈ ಆದೇಶಕ್ಕೂ ಮೂರು ಕಡೆ ವ್ಯತ್ಯಾಸ ಇದೆ. ಮೊದಲು ಅದನ್ನೇ ನೋಡಿಬಿಡಿ.

ಒಂದು, ಒಟ್ಟು ಮೊತ್ತ. ಕೊಟೇಶನ್‌ನ ಕೊನೆಯಲ್ಲಿ 6,06,300 ರೂಪಾಯಿ ಎಂದಿದೆ. ಸಾಲು ಸಾಲಾಗಿ ಕೂಡಿದರೆ ಬರುವುದು 6,03,600. ಟೈಪ್ ಮಾಡುವಾಗ ಅಂಕಿ ಅದಲುಬದಲಾಗಿದೆ. ಬಿಡಿ ದರಗಳು ಸರಿ ಎಂದು ನೀವು ಇಮೇಲ್‌ನಲ್ಲಿ ಹೇಳಿದ್ದೀರಿ. ಹಾಗಾಗಿ 6,03,600 ರೂಪಾಯಿಯೇ ಆದೇಶದ ಮೊತ್ತ.

ಎರಡು, ಜೋಡಣೆ. ಕೊಟೇಶನ್‌ನಲ್ಲಿ ‘ಫಿಟ್ಟಿಂಗ್ ಪ್ರತ್ಯೇಕ’ ಎಂದಿತ್ತು. ಮಾತುಕತೆಯಲ್ಲಿ ಅದೇ ದರದೊಳಗೆ ಸೇರಿಸಲು ಒಪ್ಪಿದ್ದೀರಿ.

ಮೂರು, ಮುಂಗಡ. ನೀವು ಕೇಳಿದ್ದು ಶೇ. 50, ಒಪ್ಪಂದ ಆಗಿದ್ದು ಶೇ. 25.

ಈ ಬದಲಾವಣೆ ಇರುವುದರಿಂದ, ಆದೇಶದ ಎರಡನೇ ಪ್ರತಿಗೆ ನೀವು ಸಹಿ, ಮೊಹರು ಹಾಕಿ ವಾಪಸು ಕಳಿಸಿದ ಮೇಲಷ್ಟೇ ಇದು ಇಬ್ಬರಿಗೂ ಅನ್ವಯ ಆಗುತ್ತದೆ. 16-06-2025ರ ಸೋಮವಾರ ಸಂಜೆಯೊಳಗೆ ಅದು ನಮ್ಮ ಕೈ ಸೇರಬೇಕು. ಅದಕ್ಕೂ ಮುಂಚೆ ದಯವಿಟ್ಟು ತಗಡು ಕತ್ತರಿಸಬೇಡಿ. ಕೊಟೇಶನ್‌ಗೂ ಆದೇಶಕ್ಕೂ ಎಲ್ಲಾದರೂ ತಾಳೆ ಆಗದಿದ್ದರೆ ಆದೇಶದಲ್ಲಿ ಇರುವುದೇ ಅಂತಿಮ.

ಸಾಮಾನು ಮತ್ತು ದರ

| ಕ್ರ. | ವಿವರ | ಸಂಖ್ಯೆ | ಬಿಡಿ ದರ (ರೂ.) | ಮೊತ್ತ (ರೂ.) |
|---|---|---|---|---|
| 1 | ಎರಡು ಮುಖದ ರ‍್ಯಾಕ್, 2100 ಮಿ.ಮೀ. ಎತ್ತರ, 900 ಮಿ.ಮೀ. ಅಗಲ, ಮುಖಕ್ಕೆ 6 ಶೆಲ್ಫ್ | 24 | 14,500 | 3,48,000 |
| 2 | ಗೋಡೆ ಬದಿಯ ಒಂದು ಮುಖದ ರ‍್ಯಾಕ್, ಅದೇ ಎತ್ತರ ಮತ್ತು ಅಗಲ, 6 ಶೆಲ್ಫ್ | 16 | 9,300 | 1,48,800 |
| 3 | ಓದುವ ಮೇಜು, 1800 × 900 ಮಿ.ಮೀ., ಎತ್ತರ 750 ಮಿ.ಮೀ. | 8 | 11,400 | 91,200 |
| 4 | ಪುಸ್ತಕ ಸಾಗಿಸುವ ಟ್ರಾಲಿ, 4 ಚಕ್ರ, ಎರಡಕ್ಕೆ ಬ್ರೇಕ್ | 2 | 7,800 | 15,600 |
| | ಒಟ್ಟು | | | 6,03,600 |

ಅಕ್ಷರದಲ್ಲಿ: ಆರು ಲಕ್ಷದ ಮೂರು ಸಾವಿರದ ಆರು ನೂರು ರೂಪಾಯಿ ಮಾತ್ರ.

ತೆರಿಗೆ, ಪ್ಯಾಕಿಂಗ್, ಲಾರಿ ಬಾಡಿಗೆ, ಇಳಿಸುವ ಕೂಲಿ, ಮೇಲೆ ಹೊರುವ ಕೂಲಿ, ಜೋಡಣೆ, ನಟ್ಟು ಬೋಲ್ಟು ಎಲ್ಲವೂ ಈ ದರದಲ್ಲೇ ಸೇರಿದೆ. ಆದೇಶ ಮುಗಿಯುವವರೆಗೆ ಸ್ಟೀಲ್ ಬೆಲೆ ಏರಿದರೂ ಇಳಿದರೂ ದರ ಬದಲಾಗುವುದಿಲ್ಲ.

ರ‍್ಯಾಕಿನ ಕಂಬಕ್ಕೆ 18 ಗೇಜ್, ಅಂದರೆ 1.2 ಮಿ.ಮೀ. ತಗಡು, ಶೆಲ್ಫಿಗೆ 20 ಗೇಜ್, ಅಂದರೆ 0.9 ಮಿ.ಮೀ. ಗೇಜು ಎಂದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಹಾಗಾಗಿ ನಾವು ಅಳೆಯುವುದು ಮಿಲಿಮೀಟರಿನಲ್ಲೇ. ಶೆಲ್ಫಿನ ಮುಂದಿನ ಮತ್ತು ಹಿಂದಿನ ಅಂಚನ್ನು ಎರಡು ಸಲ ಮಡಚಿರಬೇಕು. ಬಣ್ಣ ತಿಳಿ ಬೂದು, ಪೌಡರ್ ಕೋಟಿಂಗ್.

ಮೊದಲು ಒಂದು ಮಾದರಿ

24-06-2025ರ ಮಂಗಳವಾರ ಎರಡು ಮುಖದ ಒಂದು ರ‍್ಯಾಕನ್ನು ತಂದು ಜೋಡಿಸಿ ತೋರಿಸಬೇಕು. ಎರಡು ಕೆಲಸದ ದಿನದೊಳಗೆ ನಾವು ‘ಸರಿ’ ಅಥವಾ ‘ಇದು ಬದಲಾಗಬೇಕು’ ಎಂದು ಬರೆದು ತಿಳಿಸುತ್ತೇವೆ. ನಾವು ತಡ ಮಾಡಿದರೆ ಅಷ್ಟೇ ದಿನ ನಿಮ್ಮ ಗಡುವೂ ಮುಂದೆ ಹೋಗುತ್ತದೆ. ಒಪ್ಪಿದ ಮಾದರಿ ಇಲ್ಲೇ ಇರುತ್ತದೆ. ಮುಂದೆ ಬರುವುದನ್ನೆಲ್ಲ ಅದರ ಪಕ್ಕ ಇಟ್ಟು ನೋಡುತ್ತೇವೆ. ಮೊದಲ ಕಂತಿನ 12 ರ‍್ಯಾಕಿನಲ್ಲಿ ಅದೂ ಒಂದು.

ಸರಬರಾಜಿನ ದಿನಗಳು

ಮೊದಲ ಕಂತು, 07-07-2025, ಸೋಮವಾರ: ಎರಡು ಮುಖದ ರ‍್ಯಾಕ್ 12, ಟ್ರಾಲಿ 2. ಮೌಲ್ಯ 1,89,600 ರೂಪಾಯಿ.

ಎರಡನೇ ಕಂತು, 21-07-2025, ಸೋಮವಾರ: ಎರಡು ಮುಖದ ರ‍್ಯಾಕ್ 12, ಮೇಜು 8. ಮೌಲ್ಯ 2,65,200 ರೂಪಾಯಿ.

ಮೂರನೇ ಕಂತು, 04-08-2025, ಸೋಮವಾರ: ಗೋಡೆ ಬದಿಯ ರ‍್ಯಾಕ್ 16. ಮೌಲ್ಯ 1,48,800 ರೂಪಾಯಿ.

ಪ್ರತಿ ಕಂತಿನ ಜೋಡಣೆ ಸಾಮಾನು ಬಂದ ಮೂರು ದಿನದೊಳಗೆ ಮುಗಿಯಬೇಕು. ಕಂತು ಮಾಡಿರುವುದು ಸುಮ್ನೆ ಅಲ್ಲ. ಹಳೆಯ ಮರದ ಕಪಾಟು ಖಾಲಿ ಮಾಡುತ್ತಾ, ಪುಸ್ತಕ ಹೊಸದಕ್ಕೆ ತುಂಬುತ್ತಾ ಹೋಗಬೇಕು. ಎಲ್ಲ ಒಟ್ಟಿಗೆ ಬಂದರೆ ನಿಲ್ಲಿಸಲು ಜಾಗ ಇಲ್ಲ. ಆದ್ದರಿಂದ ಹೇಳಿದ ದಿನಕ್ಕಿಂತ ಬೇಗ ಕಳಿಸುವುದಿದ್ದರೂ ಮೊದಲು ಕೇಳಿ.

ಸಭಾಂಗಣ ಎರಡನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಮೆಟ್ಟಿಲಿನ ತಿರುವಿನಲ್ಲಿ ಸಿಗುವ ಜಾಗ 1050 ಮಿ.ಮೀ. ಅಷ್ಟೇ. ಅಳತೆ ತೆಗೆಯಲು ಬಂದಾಗ ನಿಮ್ಮ ಹುಡುಗನೇ ಟೇಪು ಹಿಡಿದು ನೋಡಿದ್ದ. ರ‍್ಯಾಕುಗಳನ್ನು ಬಿಡಿಬಿಡಿಯಾಗಿ ತಂದು ಮೇಲೆ ಜೋಡಿಸಬೇಕು. ಮೇಜಿನ ಕಾಲು ಕಳಚುವಂತಿರಬೇಕು. ಲಾರಿ ಬೆಳಿಗ್ಗೆ 7.30ರಿಂದ 10ರ ಒಳಗೆ ಬಂದರೆ ಒಳ್ಳೆಯದು. ಆಮೇಲೆ ಓದುಗರು ಬರಲು ಶುರು ಮಾಡುತ್ತಾರೆ, ಮೆಟ್ಟಿಲ ಮೇಲೆ ಕಂಬ ಹೊತ್ತು ಓಡಾಡುವುದು ಅಪಾಯ ಅಲ್ವಾ?

ತಡವಾದರೆ, ತಡವಾದ ಕಂತಿನ ಮೌಲ್ಯದ ಮೇಲೆ ವಾರಕ್ಕೆ ಶೇ. 0.5ರಂತೆ ಬಿಲ್ಲಿನಲ್ಲಿ ಕಡಿತ ಮಾಡುತ್ತೇವೆ. ವಾರ ಪೂರ್ತಿ ಆಗದಿದ್ದರೂ ಒಂದು ವಾರದ ಲೆಕ್ಕ. ಎಷ್ಟೇ ತಡವಾದರೂ ಆ ಕಂತಿನ ಶೇ. 5ಕ್ಕಿಂತ ಜಾಸ್ತಿ ಕಡಿತ ಇಲ್ಲ. ನಾಲ್ಕು ವಾರ ದಾಟಿದರೆ ಬಾರದ ಸಾಮಾನಿನ ಆದೇಶ ರದ್ದು ಮಾಡಿ, ಅದಕ್ಕೆ ಸೇರಿದ ಮುಂಗಡ ವಾಪಸು ಕೇಳುವ ಹಕ್ಕು ನಮಗಿದೆ. ನೆರೆ, ಬೆಂಕಿ, ಮುಷ್ಕರದಂಥದ್ದು ಆದರೆ ಎರಡು ದಿನದೊಳಗೆ ಬರೆದು ತಿಳಿಸಿ, ದಿನಾಂಕ ಮುಂದೂಡೋಣ. ನಮ್ಮ ಕಡೆ ಜಾಗ ಸಿದ್ಧವಿಲ್ಲದಿದ್ದರೆ ಮೂರು ದಿನ ಮೊದಲೇ ಹೇಳುತ್ತೇವೆ, ಆ ತಡಕ್ಕೆ ಕಡಿತ ಇಲ್ಲ.

ಹಣ ಪಾವತಿ

ಮುಂಗಡ ಶೇ. 25, ಅಂದರೆ 1,50,900 ರೂಪಾಯಿ. ನಿಮ್ಮ ಸಹಿ ಇರುವ ಪ್ರತಿ ಬಂದ ಐದು ಕೆಲಸದ ದಿನದೊಳಗೆ ಕೊಟೇಶನ್‌ನಲ್ಲಿ ಕೊಟ್ಟಿರುವ ಬ್ಯಾಂಕ್ ಖಾತೆಗೆ ಹಾಕುತ್ತೇವೆ. ಖಾತೆ ಬದಲಾದರೆ ಇಮೇಲ್ ಸಾಲದು, ಸಹಿ ಮಾಡಿದ ಪತ್ರ ಬೇಕು. ಪತ್ರ ಬಂದ ಮೇಲೂ ನಾವೇ ಫೋನ್ ಮಾಡಿ ಖಚಿತ ಮಾಡಿಕೊಳ್ಳುತ್ತೇವೆ.

ಪ್ರತಿ ಕಂತಿಗೆ ಆ ಕಂತಿನ ಶೇ. 65: ಮೊದಲನೆಯದಕ್ಕೆ 1,23,240, ಎರಡನೆಯದಕ್ಕೆ 1,72,380, ಮೂರನೆಯದಕ್ಕೆ 96,720 ರೂಪಾಯಿ. ಆ ಕಂತನ್ನು ನಾವು ಸ್ವೀಕರಿಸಿ, ಸರಿಯಾದ ಬಿಲ್ಲು ಕೈ ಸೇರಿದ 15 ದಿನದೊಳಗೆ ಪಾವತಿ. ಈ ಎರಡರಲ್ಲಿ ಯಾವುದು ಕೊನೆಗೆ ಆಗುತ್ತದೋ ಅಲ್ಲಿಂದ ದಿನ ಎಣಿಕೆ. ಬಿಲ್ಲಿನ ಮೇಲೆ ಆದೇಶ ಸಂಖ್ಯೆ, ಕಂತು ಯಾವುದು, ಚಲನ್ ಸಂಖ್ಯೆ ಇರಲೇಬೇಕು. ಆದೇಶ ಸಂಖ್ಯೆ ಇಲ್ಲದ ಬಿಲ್ಲು ನಮ್ಮ ಲೆಕ್ಕಪತ್ರದವರ ಮೇಜಿನಿಂದ ಮುಂದೆ ಹೋಗುವುದೇ ಇಲ್ಲ.

ಉಳಿದ ಶೇ. 10, ಅಂದರೆ 60,360 ರೂಪಾಯಿ, ಮೂರನೇ ಕಂತು ಸ್ವೀಕಾರವಾದ ದಿನದಿಂದ 90 ದಿನ ನಮ್ಮಲ್ಲಿ ಇರುತ್ತದೆ. ಅಷ್ಟರಲ್ಲಿ ಹೇಳಿದ ದೋಷಗಳು ಸರಿಯಾಗಿದ್ದರೆ 91ನೇ ದಿನ ನೀವು ಕೇಳದೆಯೇ ಬಿಡುಗಡೆ ಮಾಡುತ್ತೇವೆ.

ಪರಿಶೀಲನೆ ಮತ್ತು ಸ್ವೀಕಾರ

ಸಾಮಾನು ಇಳಿದಾಗ ಚಲನ್ ಮೇಲೆ ನಮ್ಮವರು ಹಾಕುವ ಸಹಿಗೆ ‘ಇಷ್ಟು ಸಂಖ್ಯೆ ಬಂತು’ ಎಂದಷ್ಟೇ ಅರ್ಥ. ಸ್ವೀಕಾರ ಬೇರೆ. ಜೋಡಣೆ ಮುಗಿಯಿತು ಎಂದು ನೀವು ಬರೆದು ತಿಳಿಸಿದ ಐದು ಕೆಲಸದ ದಿನದೊಳಗೆ ಪರಿಶೀಲಿಸಿ, ಸ್ವೀಕಾರ ಪತ್ರ ಅಥವಾ ದೋಷಗಳ ಪಟ್ಟಿ ಕೊಡುತ್ತೇವೆ. ಎರಡೂ ಕೊಡದಿದ್ದರೆ ಆರನೇ ಕೆಲಸದ ದಿನ ಸ್ವೀಕಾರ ಆದಂತೆಯೇ. ನಿಮ್ಮವರೊಬ್ಬರು ಪರಿಶೀಲನೆಗೆ ಜೊತೆಯಲ್ಲಿದ್ದರೆ ಆಮೇಲೆ ವಾದ ಇರುವುದಿಲ್ಲ.

ನೋಡುವುದು ಇವನ್ನು. ಕಂತಿನಲ್ಲಿ ನಾವು ಆರಿಸುವ ಎರಡು ರ‍್ಯಾಕಿನ ಒಂದೊಂದು ಶೆಲ್ಫಿನ ಮೇಲೆ 50 ಕಿಲೋ ತೂಕವನ್ನು ಸಮನಾಗಿ ಹರಡಿ 24 ಗಂಟೆ ಬಿಡುತ್ತೇವೆ. ಭಾರ ಇದ್ದಾಗ ಶೆಲ್ಫಿನ ನಡು 5 ಮಿ.ಮೀ.ಗಿಂತ ಜಾಸ್ತಿ ಬಗ್ಗಬಾರದು. ಭಾರ ತೆಗೆದ ಮೇಲೆ ಉಳಿಯುವ ಬಾಗು 1 ಮಿ.ಮೀ. ಮೀರಬಾರದು. ತೂಕಕ್ಕೆ ನಮ್ಮ ಹಳೆಯ ಬೈಂಡ್ ಮಾಡಿದ ಪತ್ರಿಕೆಗಳ ಸಂಪುಟಗಳೇ ಸಾಕು, ತಕ್ಕಡಿಯಲ್ಲಿ ತೂಗಿಯೇ ಇಡುತ್ತೇವೆ.

ತೂಕದ ಗುಂಡು ಇಳಿಬಿಟ್ಟು ನೋಡಿದಾಗ ರ‍್ಯಾಕ್ ಪೂರ್ತಿ ಎತ್ತರಕ್ಕೆ 5 ಮಿ.ಮೀ.ಗಿಂತ ವಾಲಿರಬಾರದು. ಪೌಡರ್ ಕೋಟಿಂಗ್ ಎಲ್ಲಿ ಅಳೆದರೂ 60 ಮೈಕ್ರಾನ್‌ಗೆ ಕಡಿಮೆ ಇರಬಾರದು, ಅಳೆಯುವ ಮೀಟರ್ ನೀವು ತರಬೇಕು. ಗೋಡೆ ಬದಿಯ ಪ್ರತಿ ರ‍್ಯಾಕನ್ನೂ ಮೇಲ್ಗಡೆ ಎರಡು ಕಡೆ ಗೋಡೆಗೆ ಬೋಲ್ಟ್ ಹಾಕಿ ಬಿಗಿದಿರಬೇಕು. ಎರಡು ಮುಖದವನ್ನು ಸಾಲಿನುದ್ದಕ್ಕೂ ತಲೆಯಲ್ಲಿ ಪಟ್ಟಿಯಿಂದ ಒಂದಕ್ಕೊಂದು ಕಟ್ಟಿರಬೇಕು. ಮಕ್ಕಳು ಕೆಳಗಿನ ಶೆಲ್ಫಿನ ಮೇಲೆ ಕಾಲಿಟ್ಟು ಮೇಲಿನ ಪುಸ್ತಕಕ್ಕೆ ಕೈ ಚಾಚುತ್ತಾರೆ. ಇದರಲ್ಲಿ ರಿಯಾಯಿತಿ ಇಲ್ಲ.

ಕೊನೆಯದು ಅಂಚು. ಹಿಂದೆ ಬೇರೊಬ್ಬರಿಂದ ಕೊಂಡ ರ‍್ಯಾಕಿನ ಶೆಲ್ಫ್ ಕೆಳಗೆ ತಗಡಿನ ಚೂಪು ಹಾಗೇ ಉಳಿದಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ. ಮೊದಲ ವಾರವೇ ನಮ್ಮ ಸಹಾಯಕಿಯ ಬೆರಳು ಕೊಯ್ದುಕೊಂಡಿತು, ಹತ್ತಾರು ಪುಸ್ತಕದ ರಟ್ಟು ಹರಿಯಿತು. ಹಾಗಾಗಿ ಪ್ರತಿ ಶೆಲ್ಫಿನ ಅಡಿಯಲ್ಲೂ ಹಳೆಯ ಹತ್ತಿ ಬಟ್ಟೆ ಎಳೆದು ನೋಡುತ್ತೇವೆ. ಬಟ್ಟೆ ಎಲ್ಲಿ ಸಿಕ್ಕಿಕೊಂಡರೂ ಆ ಶೆಲ್ಫ್ ತಿರಸ್ಕೃತ.

ತಿರಸ್ಕರಿಸಿದ್ದನ್ನು ಏಳು ದಿನದೊಳಗೆ ನಿಮ್ಮ ಖರ್ಚಿನಲ್ಲಿ ಬದಲಿಸಬೇಕು. ಗೀರು, ಸಡಿಲ ಬೋಲ್ಟಿನಂಥ ಸಣ್ಣಪುಟ್ಟದ್ದನ್ನು ಇಲ್ಲೇ ಸರಿಮಾಡಬಹುದು. ಆದರೆ ಬ್ರಷ್ಷಿನಲ್ಲಿ ಬಣ್ಣ ಬಳಿದು ಮುಚ್ಚುವುದು ಬೇಡ. ಭಾರದ ಪರೀಕ್ಷೆಯಲ್ಲಿ ಒಂದು ಶೆಲ್ಫ್ ಸೋತರೂ ಇನ್ನೂ ನಾಲ್ಕನ್ನು ಪರೀಕ್ಷಿಸುತ್ತೇವೆ. ಅದರಲ್ಲೂ ಒಂದು ಸೋತರೆ ಆ ಕಂತಿನ ಎಲ್ಲ ಶೆಲ್ಫ್ ಬದಲಿಸಬೇಕು.

ವಾರಂಟಿ ಮತ್ತು ಇತರ

ಮೂರನೇ ಕಂತಿನ ಸ್ವೀಕಾರದಿಂದ 24 ತಿಂಗಳು ವಾರಂಟಿ. ತುಕ್ಕು, ಬಣ್ಣ ಏಳುವುದು, ಬೆಸುಗೆ ಬಿಡುವುದು, ಟ್ರಾಲಿ ಚಕ್ರ ಕೆಡುವುದು ಇದರಲ್ಲಿ ಬರುತ್ತದೆ. ನಾವು ಬೀಳಿಸಿ ಹಾಳುಮಾಡಿದ್ದು ಬರುವುದಿಲ್ಲ. ದೂರು ಕೊಟ್ಟ ಹತ್ತು ದಿನದೊಳಗೆ ರಿಪೇರಿ ಆಗಬೇಕು.

ಸ್ವೀಕಾರ ಆಗುವವರೆಗೆ ಸಾಮಾನಿನ ಹೊಣೆ ನಿಮ್ಮದು. ಜೋಡಿಸುವ ಕೆಲಸಗಾರರ ಸುರಕ್ಷತೆಯೂ ನಿಮ್ಮದೇ. ಸಂಖ್ಯೆ, ಅಳತೆ, ದಿನಾಂಕ ಏನೇ ಬದಲಾದರೂ ಇಬ್ಬರೂ ಸಹಿ ಮಾಡಿದ ಪತ್ರ ಬೇಕು. ನೆಲ ಅಂತಸ್ತಿನಲ್ಲಿ ಯಾರೋ ‘ಇನ್ನೆರಡು ಜಾಸ್ತಿ ತನ್ನಿ’ ಎಂದರೆ ಅದು ಆದೇಶ ಅಲ್ಲ. ತಕರಾರು ಬಂದರೆ ಏಳು ದಿನದೊಳಗೆ ಕೂತು ಮಾತಾಡೋಣ. ಅದಕ್ಕೂ ಬಗೆಹರಿಯದಿದ್ದರೆ ಮುಂದಿನ ಹಾದಿ ಕಾನೂನಿನ ಪ್ರಕಾರ.

ಮೊದಲ ಲಾರಿ ಹೊರಡುವ ಹಿಂದಿನ ದಿನ ಒಂದು ಫೋನ್ ಮಾಡಿ. ಕೆಳಗಿನ ಗೇಟಿನ ಬೀಗ ತೆಗೆಸಿ ಇಡುತ್ತೇವೆ.

ಇಂತಿ,
ಕಾರ್ಯದರ್ಶಿ
ಗ್ರಂಥಾಲಯ ಖರೀದಿ ಸಮಿತಿ

ಲಗತ್ತು: ಕೊಟೇಶನ್ 118ರ ಪ್ರತಿ, 10-06-2025ರ ಇಮೇಲ್ ಪ್ರತಿ, ಸಭಾಂಗಣದ ನಕ್ಷೆ, ಸಹಿಗಾಗಿ ಆದೇಶದ ಎರಡನೇ ಪ್ರತಿ

ಸರಬರಾಜುದಾರರ ಒಪ್ಪಿಗೆ (ಎರಡನೇ ಪ್ರತಿಯಲ್ಲಿ): ಖರೀದಿ/47/2025ರ ದರ, ಸರಬರಾಜಿನ ದಿನಗಳು, ಪಾವತಿ ಮತ್ತು ಸ್ವೀಕಾರದ ಷರತ್ತುಗಳನ್ನು ಪೂರ್ತಿ ಓದಿದ್ದೇವೆ. ಕೊಟೇಶನ್ 118ಕ್ಕೆ ಆದ ಮೂರು ಬದಲಾವಣೆಗಳೂ ಸೇರಿದಂತೆ ಎಲ್ಲಕ್ಕೂ ನಮ್ಮ ಒಪ್ಪಿಗೆ ಇದೆ.